ಮಾಡಿದ ಕೆಲಸದ ರೊಕ್ಕ ಕೇಳಿದರೆ ಬೈಗುಳವೇ?

ನಿಪ್ಪಾಣಿಯ ತಂಬಾಕು ಪೇಟೆಯಿರಲಿ, ಅಥಣಿಯ ಚಪ್ಪಲಿ ವ್ಯಾಪಾರವಿರಲಿ, ರಾಯಬಾಗ, ಕಾಗವಾಡದ ಗೊಬ್ಬರದ ಅಂಗಡಿಯಿರಲಿ, 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ಲೆಕ್ಕದ ಕೆಲಸ ಎಲ್ಲ ಕಡೆಯೂ ಹೆಚ್ಚಿತು. ಪಗಾರದ ಗುಮಾಸ್ತನನ್ನು ಇಟ್ಟುಕೊಳ್ಳಲಾಗದ ಅಂಗಡಿಕಾರರು ಹೊರಗಿನ ಲೆಕ್ಕದವನಿಗೆ ತಿಂಗಳಿಗಿಷ್ಟು ಎಂದು ಗೊತ್ತು ಮಾಡಿದರು. ಇಂಥ ತರುಣರು ಚೀಲದಲ್ಲಿ ವಹಿ, ಲ್ಯಾಪ್‌ಟಾಪು ಹಾಕಿಕೊಂಡು ಬಸ್ಸಿನಲ್ಲಿ ಊರೂರು ತಿರುಗುತ್ತಾರೆ. ಮಾತು ಬಾಯಿಮಾತು. ತಕರಾರು ಹುಟ್ಟುವುದೂ ಅಲ್ಲಿಯೇ.

ಒಂದು ಉದಾಹರಣೆ ಹಿಡಿಯೋಣ. ಚಿಕ್ಕೋಡಿಯ ತರುಣನೊಬ್ಬ ನಿಪ್ಪಾಣಿಯ ಸಾವಕಾರರೊಬ್ಬರ ಲೆಕ್ಕವನ್ನು ತಿಂಗಳಿಗೆ 3,000 ರೂಪಾಯಿಗೆ ನೋಡುತ್ತಾನೆ. ಹತ್ತು ತಿಂಗಳ ಬಾಕಿ 30,000. ಕೇಳಲು ಹೋದರೆ, ಆಳುಗಳ ಎದುರಿಗೇ, “ಮೊದಲ ಬ್ಯಾಂಕಿನ ಸಾಲದ ರಿಪೋರ್ಟ್ ಮಾಡಿ ಕೊಡು. ಮತ್ತ ಮತ್ತ ಕೇಳಿದ್ರ ಒಂದ ಪೈಸಾನೂ ಕೊಡಂಗಿಲ್ಲ, ಯಾರಿಗೆ ಹೇಳ್ತಿ ಹೇಳ ಹೋಗ!” ಎಂಬ ಉತ್ತರ. ಮೇಲೆ ಒಂದೆರಡು ಬೈಗುಳ. ಹಳೆಯ ಬಾಕಿ ಕೈಯಲ್ಲಿ ಹಿಡಿದು ಹೊಸ ಕೆಲಸವನ್ನು ಪುಕ್ಕಟೆ ಮಾಡಿಸಿಕೊಳ್ಳುವ ದಾರಿ ಇದು. ಹುಡುಗ ಹೆದರಿ ರಿಪೋರ್ಟ್ ಮಾಡಿಕೊಟ್ಟರೆ ಬಾಕಿ ಇನ್ನೂ ಬೆಳೆಯುತ್ತದೆ, ಅಷ್ಟೇ.

ಅವನು ಅಂದೇ ಮಾಡಬೇಕಾದ ಕೆಲಸ ಎರಡು. ಸಂಜೆ ಮನೆ ಮುಟ್ಟುವ ಮೊದಲೇ ತಾರೀಖು, ವೇಳೆ, ಸ್ಥಳ, ಅಂದ ಮಾತು ಅಂದ ಹಾಗೆಯೇ, ಪಕ್ಕದಲ್ಲಿ ನಿಂತವರು ಯಾರು ಎಂಬುದನ್ನು ವಹಿಯಲ್ಲಿ ಬರೆಯಬೇಕು. ನಂತರ ಸಾವಕಾರರಿಗೆ ವಾಟ್ಸಾಪಿನಲ್ಲಿ ಸೌಮ್ಯವಾದ ನಾಲ್ಕು ಸಾಲು: “ಈ ಹೊತ್ತು ನಿಮ್ಮ ಅಂಗಡಿಯಲ್ಲಿ ಹತ್ತು ತಿಂಗಳ ಬಾಕಿ 30,000 ಕೇಳಿದೆ. ಬ್ಯಾಂಕಿನ ರಿಪೋರ್ಟ್ ಮಾಡಿದರೆ ಮಾತ್ರ ಕೊಡುವುದಾಗಿ ಹೇಳಿದಿರಿ. ರಿಪೋರ್ಟಿನ ಫೀ ಬೇರೆ. ಇದರಲ್ಲಿ ತಪ್ಪಿದ್ದರೆ ತಿಳಿಸಿರಿ.” ಬೈಗುಳಕ್ಕೆ ಬೈಗುಳ ಬರೆದರೆ ಕಾಗದ ಕೆಟ್ಟಿತು. ಉತ್ತರವಾಗಿ “ದೀಪಾವಳಿಗೆ ಕೊಡ್ತೀನಿ” ಎಂದು ಬಂದರೆ, ಬಾಕಿ ಇದೆ ಎಂದು ಸಾವಕಾರರೇ ಒಪ್ಪಿದಂತೆ. ಆ ಸಂದೇಶವನ್ನು ಅಳಿಸಬಾರದು. ಬರೀ ಚಿತ್ರ ತೆಗೆದಿಟ್ಟು ಹಳೆಯ ಫೋನು ಮಾರುವುದೂ ತಪ್ಪು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಕಾನೂನಿನಂತೆ ಕೋರ್ಟಿಗೆ ಇಂಥ ದಾಖಲೆ ಹಾಕುವಾಗ ಪ್ರಮಾಣಪತ್ರ ಜೋಡಿಸಬೇಕು, ಅದಕ್ಕೆ ಮೂಲ ಫೋನು ಇದ್ದರೆ ಒಳ್ಳೆಯದು. ಸಾಧ್ಯವಾದರೆ ಬಿಲ್ಲಿನ ಪ್ರತಿಯ ಮೇಲೆ “ಬಾಕಿ ಇದೆ” ಎಂಬ ಒಂದು ಸಹಿ. ವಸೂಲಿಯ ದಾವೆಗೆ ಮೂರು ವರ್ಷದ ಅವಧಿ. ಅವಧಿ ಮುಗಿಯುವ ಮೊದಲು ಬಿದ್ದ ಸಹಿಯಿಂದ ಎಣಿಕೆ ಹೊಸದಾಗಿ ಶುರುವಾಗುತ್ತದೆ.

ಇಲ್ಲಿ ಕೆಲವು ತರುಣರು ಎಡವುತ್ತಾರೆ. ಸಿಟ್ಟಿನಲ್ಲಿ ಸಾವಕಾರರ ಪಾಸ್‌ವರ್ಡು, ವಹಿ ಒತ್ತೆ ಹಿಡಿದು, ರಿಟರ್ನಿನ ಕೊನೆಯ ದಿನ ಫೋನು ಬಂದ್ ಮಾಡುತ್ತಾರೆ. ದಂಡ ಬಿದ್ದರೆ ತಕರಾರು ತಿರುಗಿ ಇವರ ಕೊರಳಿಗೇ ಬರುತ್ತದೆ. ಬಾಕಿ ಬರುವ ತನಕ ಮುಂದಿನ ತಿಂಗಳಿನಿಂದ ಕೆಲಸ ನಿಲ್ಲಿಸುತ್ತೇನೆ ಎಂದು ಹದಿನೈದು ದಿನ ಮೊದಲೇ ಬರೆದು ತಿಳಿಸಿ, ಕಾಗದಪತ್ರ ಎಣಿಸಿ ಒಪ್ಪಿಸಿ, ಪಾವತಿ ತೆಗೆದುಕೊಳ್ಳುವುದೇ ಸರಿ.

ಇನ್ನು ಕಾನೂನಿನ ಬಲ. 2006ರ ಸಣ್ಣ ಉದ್ಯಮಗಳ ಕಾಯ್ದೆಯಲ್ಲಿ ಸೇವೆ ಮಾಡುವವರೂ ಸೇರಿದ್ದಾರೆ. ಬರಹದ ಕರಾರು ಇಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳ ಚಕ್ರಬಡ್ಡಿಯಾಗಿ. ಸರಕಾರದ ಪೋರ್ಟಲಿನಲ್ಲಿ ದೂರು ಹಾಕಬಹುದು. ಆದರೆ ಇದಕ್ಕೆ ‘ಉದ್ಯಮ್’ ನೋಂದಣಿ ಬೇಕು. ಅದು ಪುಕ್ಕಟೆ, ಏಜೆಂಟನಿಗೆ ರೊಕ್ಕ ಕೊಡುವ ಕಾರಣವಿಲ್ಲ. ಕೆಲಸ ಮುಗಿದ ಮೇಲೆ ಮಾಡಿಸಿದ ನೋಂದಣಿ ಹಳೆಯ ಬಾಕಿಗೆ ನಡೆಯುವುದಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಆ ಪ್ರಶ್ನೆ ಮತ್ತೆ ಚರ್ಚೆಗೆ ಬಂದಿದೆಯಾದರೂ ಅದನ್ನು ನಂಬಿ ಕೂಡ್ರುವುದು ಜಾಣತನವಲ್ಲ. ನಮ್ಮ ಉದಾಹರಣೆಯ ತರುಣ ನೋಂದಾಯಿಸಿರದಿದ್ದರೆ ಅವನಿಗೆ ವಕೀಲರ ನೋಟೀಸು, ತಾಲೂಕಾ ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್, ಕೊನೆಗೆ ದಿವಾಣಿ ದಾವೆ ಉಳಿಯುತ್ತವೆ.

ಹಣ ಕೊಡದಿರುವುದಕ್ಕೆ ಪೊಲೀಸ ಠಾಣೆಗೆ ಹೋದರೆ ಫೌಜದಾರರು ಸಾಮಾನ್ಯವಾಗಿ ಕೋರ್ಟಿಗೆ ಕಳಿಸುತ್ತಾರೆ, ಅದು ತಪ್ಪಲ್ಲ. “ಕೈಕಾಲು ಮುರೀತೀನಿ” ಎಂಬ ಧಮಕಿ ಮಾತ್ರ ಬೇರೆ ಮಾತು. ಜಾತಿ ಹಿಡಿದು ನಾಲ್ಕು ಜನರೆದುರು ಪರಿಶಿಷ್ಟರನ್ನು ಬೈದರೆ 1989ರ ಕಾಯ್ದೆಯೇ ಇದೆ. ಆಗ ಆ ಸಂಜೆ ಬರೆದಿಟ್ಟ ವಹಿಯ ಹಾಳೆ, ಪಕ್ಕದಲ್ಲಿ ನಿಂತವರ ಹೆಸರು ಕೆಲಸಕ್ಕೆ ಬರುತ್ತವೆ.

ಅಂಗಡಿಕಾರರೂ ಒಂದು ಲೆಕ್ಕ ನೋಡಬೇಕು. ನೋಂದಣಿ ಇದ್ದ ಸಣ್ಣ ಉದ್ಯಮದವನ ಬಿಲ್ಲನ್ನು ವಾಯಿದೆಯೊಳಗೆ ಕೊಡದೆ ಮಾರ್ಚ್ 31 ದಾಟಿಸಿದರೆ, ಆ ವರ್ಷದ ಖರ್ಚಿನಲ್ಲಿ ಅದನ್ನು ತೋರಿಸುವಂತಿಲ್ಲ. ಕೊಟ್ಟ ವರ್ಷವೇ ತೋರಿಸಬೇಕು. 2024ರ ಏಪ್ರಿಲಿನಿಂದ ಆದಾಯ ತೆರಿಗೆಯ ನಿಯಮ ಹೀಗಿದೆ. ಅಂದರೆ ಆ 30,000ದ ಮೇಲಿನ ತೆರಿಗೆಯನ್ನೂ ಸಾವಕಾರರೇ ಈ ವರ್ಷ ಕಟ್ಟಬೇಕು. ಇದನ್ನು ಅವರಿಗೆ ತಿಳಿಸಿ ಹೇಳಬೇಕಾದವನು ಅದೇ ಲೆಕ್ಕದ ಹುಡುಗ!