ಅಂಗಡಿ ಹಿಡಿಯೋಕಿಂತ ಮೊದ್ಲ ಒಂದು ಲೆಕ್ಕ

ನಮ್ಮ ತಂಗಿ ಧಾರವಾಡದಾಗ ಮನಿಯಿಂದನ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರ್ತಾಳ. ತಿಂಗಳಿಗೆ 70 ಆರ್ಡರ್ ಬರ್ತಾವ. ಹೋದ ವಾರ ಫೋನ್ ಮಾಡಿ, "ಅಕ್ಕಾ, ಒಂದು ಮಳಿಗಿ ನೋಡೇನಿ, ಬಾಡಿಗಿ ಆರೇ ಸಾವಿರ, ಹಿಡಿಲೇನು?" ಅಂದ್ಲು. ಎಷ್ಟು ಆರ್ಡರ್ ಬಂದ್ರ ಬಾಡಿಗಿ ಹೊರಡ್ತದ ಅಂತ ಕೇಳಿದ್ರ ಸುಮ್ಮನಾದ್ಲು. ಅದಕ್ಕ ಇಬ್ರೂ ಕೂತು ಬರದ್ವಿ.

ಮೊದ್ಲು ಒಂದೇ ಆರ್ಡರ್ ಹಿಡಕೊಂಡ್ವಿ. 25 ರೊಟ್ಟಿ, ಒಂದು ಚಟ್ನಿ ಪಾಕೀಟು ಕೂಡಿ 300 ರೂಪಾಯಿ. ಸಾಮಾನು, ಗ್ಯಾಸಿಗೆ 130, ಡಬ್ಬಿ ಪ್ಯಾಕಿಂಗಿಗೆ 25, ಕೊರಿಯರಿಗೆ 55, ರೊಟ್ಟಿ ಬಡಿಯೋ ಅಕ್ಕಗ 30. ಒಟ್ಟು 240 ಹೋಗಿ ಕೈಯಾಗ ಉಳಿಯೋದು 60. ಮುಂದಿನ ಲೆಕ್ಕ ಎಲ್ಲಾ ಈ 60ರ ಮ್ಯಾಲನ, 300ರ ಮ್ಯಾಲ ಅಲ್ಲ.

ಆಮ್ಯಾಲ, ಒಂದೂ ಆರ್ಡರ್ ಬರಲಿಲ್ಲಂದ್ರೂ ಕೊಡಬೇಕಾದ ಖರ್ಚು. ಬಾಡಿಗಿ 6,000, ಲೈಟ್ ಬಿಲ್ 800, ಜಾಹೀರಾತು 3,000. ಸೀಲಿಂಗ್ ಮಷಿನ್, ತಕ್ಕಡಿ, ಕಪಾಟು ಸೇರಿ 24,000. ಎರಡು ವರ್ಷಕ್ಕ ಹಂಚಿದ್ರ ತಿಂಗಳಿಗೆ 1,000. ಒಟ್ಟು 10,800. ಇದನ್ನ 60ರಿಂದ ಭಾಗಿಸಿದ್ರ 180. ಅಂದ್ರ 180 ಆರ್ಡರ್ ಆಗೋತನಕ ಆಕಿಗೆ ಒಂದು ಪೈಸಾ ಉಳಿಯಂಗಿಲ್ಲ. ಈಗಿನ 70 ಆರ್ಡರಿಗೆ ಮನ್ಯಾಗ 4,200 ಉಳಿತೈತಿ. ಅದೇ 70 ಅಂಗಡ್ಯಾಗ ಆದ್ರ ತಿಂಗಳಿಗೆ 6,600 ಲುಕ್ಸಾನು.

ಜಾಹೀರಾತಿಂದು ಬ್ಯಾರೇನ ನೋಡಬೇಕ್ರಿ. ಆಕಿ ಹಿಂದ ಒಂದ್ಸಲ 3,000 ಹಾಕಿದಾಗ, "ಎಲ್ಲಿ ನೋಡಿದ್ರಿ?" ಅಂತ ಹೊಸಬರನ್ನೆಲ್ಲಾ ಕೇಳಿ ಬರದಿಟ್ಟಿದ್ಲು. ಬಂದಿದ್ದು 40 ಆರ್ಡರ್. ಒಂದೊಂದಕ್ಕ 75 ರೂಪಾಯಿ ಬಿತ್ತು, ಉಳಿಯೋದು 60! ಅವರು ತಿರುಗಿ ತಗೊಂಡ್ರ ಮಾತ್ರ ಅದು ಗಿಟ್ಟತೈತಿ. ಅವರೊಳಗ ತಿರುಗಿ ತಗೊಂಡವರು ಭಾಳ ಕಡಿಮಿ. ಅದನ್ನ ಬಿಟ್ರ ಖರ್ಚು 7,800ಕ್ಕ ಇಳದು, 130 ಆರ್ಡರಿಗೇ ಸಮ ಆಗ್ತದ.

ಇಷ್ಟಕ್ಕ ಖುಷಿ ಪಡಬ್ಯಾಡ್ರಿ. ಇದರಾಗ ತಂಗಿ ಪಗಾರ ಎಲ್ಲೈತಿ? ನಾವು ಹೆಣ್ಮಕ್ಕಳು ಮರಿಯೋದು ಇದನ್ನ. ಆಕಿಗೆ ತಿಂಗಳಿಗೆ 6,000 ಹಿಡದ್ರ 230 ಆರ್ಡರ್ ಬೇಕು. 26 ದಿನದ ಕೆಲಸ ಅಂದ್ರ ದಿನಾ ಹೆಚ್ಚುಕಡಿಮಿ 220 ರೊಟ್ಟಿ. ಈಗ ಬಡಿಯೋದು 67. ಒಬ್ಬಾಕಿ ಕೈಲೆ ಅಷ್ಟು ಆಗಂಗಿಲ್ಲಂದ್ರ ಇನ್ನೊಬ್ಬಾಕಿ, ಇನ್ನೊಂದು ಒಲಿ ಬೇಕು. ಒಲಿ ಖರ್ಚು ಕೂಡಿಸಿ ಲೆಕ್ಕ ಮತ್ತ ಹಾಕಬೇಕು.

ನನ್ನ ಮಾತಿಷ್ಟ: ಮನ್ಯಾಗ ಇದ್ದಾಗನ, ಆರ್ಡರ್ ಕಡಿಮಿ ಇರೋ ತಿಂಗಳದಾಗೂ 130 ದಾಟಿದ್ರ ಮಳಿಗಿ ಮಾತು ಆಡೋಣು. ಅಲ್ಲಿತನಕ ಪಡಸಾಲಿನೇ ಅಂಗಡಿ. ತಂಗಿ ಒಂದೀಟು ಮುಖ ಸಣ್ಣ ಮಾಡಿದ್ಲು, ಖರೆ. ಮುಂಗಡ ಮಾತ್ರ ಕೊಡಲಿಲ್ಲ.