ಉತ್ತರ ನೋಡಿ ಬರೆದವನಿಗೆ ಮೊದಲ ರ‍್ಯಾಂಕ್

2002ರ ಮುಂಗಾರು ವಾಡಿಕೆಯ ಶೇ. 101ರಷ್ಟು ಬರುತ್ತದೆ ಎಂದಿತ್ತು ಹವಾಮಾನ ಇಲಾಖೆಯ ಹದಿನಾರು ಅಂಶಗಳ ಸೂತ್ರ. ಬಿದ್ದದ್ದು ಶೇ. 81. ಆ ಸೂತ್ರ ಪಕ್ಕಕ್ಕೆ ಸರಿಯಿತು; 2021ರಿಂದ ಇಲಾಖೆ ಹಲವು ಮಾದರಿಗಳನ್ನು ಒಟ್ಟುಗೂಡಿಸಿ ಅಂದಾಜು ಕೊಡುತ್ತಿದೆ. ಇದನ್ನು ನೋಡಿ ಪುಣೆಯಲ್ಲಿ ನಮ್ಮಂಥವರೂ ಮಾದರಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ್ದೇವೆ. ನನ್ನ ತಕರಾರು ಪೇರಿಸುವುದರ ಬಗ್ಗೆ ಅಲ್ಲ, ಪೇರಿಸುವ ರೀತಿಯ ಬಗ್ಗೆ.

ಮೂವತ್ತು ವರ್ಷಗಳ ಮಳೆ ಲೆಕ್ಕವಿದೆ ಎನ್ನಿ. ಮೊದಲ ಹಂತದಲ್ಲಿ ಎರಡು ಮಾದರಿ. ಒಂದು ಸರಳ ರೇಖೆ. ಇನ್ನೊಂದು, ಸಮುದ್ರದ ತಾಪ ಅತ್ಯಂತ ಹತ್ತಿರವಿರುವ ವರ್ಷವನ್ನು ಹುಡುಕಿ ಅದರ ಮಳೆಯನ್ನೇ ಉತ್ತರವಾಗಿ ಕೊಡುವಂಥದ್ದು. ಎರಡನ್ನೂ ಮೂವತ್ತು ವರ್ಷದ ಮೇಲೂ ಕಲಿಸಿ, ಅದೇ ಮೂವತ್ತು ವರ್ಷಕ್ಕೆ ಅಂದಾಜು ಕೇಳಿದರೆ ಏನಾಗುತ್ತದೆ? 2002ಕ್ಕೆ ಅತಿ ಹತ್ತಿರದ ವರ್ಷ 2002ನೇ ಇಸವಿಯೇ! ಎರಡನೆಯ ಮಾದರಿ ಒಂದೂ ತಪ್ಪಿಲ್ಲದೆ ಉತ್ತರ ಒಪ್ಪಿಸುತ್ತದೆ. ಮೇಲಿನ ಹಂತದ ಕಲಿಯುವವನು ಇದನ್ನು ನಂಬಿ ಅದಕ್ಕೆ 1, ರೇಖೆಗೆ 0 ತೂಕ ಕೊಡುತ್ತಾನೆ. ಮುಂದಿನ ವರ್ಷ ನಮ್ಮ ಕೈಗೆ ಸಿಗುವುದು ಕಂಠಪಾಠಿಯೊಬ್ಬನ ಊಹೆ ಮಾತ್ರ. ಆತ ಕಲಿತದ್ದು ಯಾವ ಮಾದರಿ ಜಾಣ ಎಂಬುದನ್ನಲ್ಲ, ಯಾವುದು ಉತ್ತರಪತ್ರಿಕೆ ನೋಡಿದೆ ಎಂಬುದನ್ನು.

ಮದ್ದು ಹೊಸದಲ್ಲ, ಡೇವಿಡ್ ವೋಲ್ಪರ್ಟ್ 1992ರಲ್ಲೇ ಹೇಳಿದ್ದಾರೆ. ವರ್ಷಗಳನ್ನು ಆರಾರರಂತೆ ಐದು ಗುಂಪು ಮಾಡಿ. ನಾಲ್ಕರ ಮೇಲೆ ಕಲಿಸಿ, ಐದನೆಯದಕ್ಕೆ ಅಂದಾಜು ಪಡೆಯಿರಿ. ಐದು ಸಲ ಹೀಗೆ ಮಾಡಿದರೆ ಪ್ರತಿ ವರ್ಷಕ್ಕೂ ಆ ವರ್ಷವನ್ನು ಕಾಣದ ಮಾದರಿಯ ಅಂದಾಜು ದೊರೆಯುತ್ತದೆ. ಮೇಲಿನ ಹಂತಕ್ಕೆ ಅದನ್ನು ಮಾತ್ರ ಉಣಿಸಿ. ತೂಕ ನಿಂತ ಮೇಲೆ ಕೆಳಗಿನ ಮಾದರಿಗಳನ್ನು ಮೂವತ್ತೂ ವರ್ಷದ ಮೇಲೆ ಮತ್ತೆ ಕಲಿಸಿ. ಬ್ಲೆಂಡಿಂಗ್ ಎಂದರೆ ಇದರ ಸುಲಭ ರೂಪ: ಕೆಲವು ವರ್ಷಗಳನ್ನು ಬೇರೆ ಎತ್ತಿಟ್ಟು, ಅವುಗಳ ಮೇಲಷ್ಟೇ ತೂಕ ಕಲಿಯುವುದು. ಮೂವತ್ತೇ ವರ್ಷ ಇದ್ದಾಗ ಅದು ದುಬಾರಿ.

ಸೈಕಿಟ್-ಲರ್ನ್‌ನ `StackingRegressor` ತಾನಾಗಿಯೇ ಐದು ಗುಂಪು ಮಾಡುತ್ತದೆ. ಅವಸರಕ್ಕೆ `cv="prefit"` ಎಂದು ಬರೆದು, ಮಾದರಿಗಳು ಕಲಿತ ಅದೇ ದತ್ತಾಂಶವನ್ನು ಕೊಟ್ಟರೆ ಸೋರಿಕೆಗೆ ನಾವೇ ಬಾಗಿಲು ತೆರೆದಂತೆ.

ಹಿತ್ತಲ ಬಾಗಿಲೂ ಒಂದಿದೆ. ನೂರು ಅಂಶಗಳಲ್ಲಿ ಮಳೆಗೆ ಚೆನ್ನಾಗಿ ಹೊಂದುವ ಐದನ್ನು ಮೂವತ್ತೂ ವರ್ಷ ನೋಡಿ ಆರಿಸಿ, ಆಮೇಲೆ ಗುಂಪು ಮಾಡಿದರೆ ಉತ್ತರ ಆಗಲೇ ಸೋರಿದೆ. ಆಯ್ಕೆಯೂ ಪ್ರತಿ ಗುಂಪಿನೊಳಗೇ ನಡೆಯಬೇಕು.

ಅನುಮಾನವಿದ್ದರೆ ಮಳೆಯ ಅಂಕಿಗಳನ್ನು ವರ್ಷಗಳ ನಡುವೆ ಕಲೆಸಿ, ಇಡೀ ಕೆಲಸವನ್ನು ಹಲವು ಸಲ ಮತ್ತೆ ನಡೆಸಿ. ಅರ್ಥವಿಲ್ಲದ ಆ ಅಂಕಿಗಳಲ್ಲೂ ನಿಮ್ಮ ಮಾದರಿ ಮತ್ತೆ ಮತ್ತೆ ಗೆದ್ದರೆ, ಅದು ಗೆದ್ದದ್ದು ಕದ್ದೇ. ಈ ಪರೀಕ್ಷೆ ಮಾಡದೆ ಅಂಕ ತೋರಿಸುವವರನ್ನು ನಾನು ನಂಬುವುದಿಲ್ಲ. ಆ ಅಂದಾಜು ನೋಡಿ ಬಿತ್ತುವ ರೈತನೂ ನಂಬಬೇಕಿಲ್ಲ.