ಲೇಬಲ್ ಬ್ಯಾಡ, ಬಾಟ್ಲಿ ಬಾಯಿ ನೋಡ್ರಿ

"ಹೆಣ್ಣಮಗಳಾಗಿ ಸೆರೆ ಬಾಟ್ಲಿ ಪುರಾಣ ಬರೀಲಿಕ್ಕೆ ಕುಂತೀಯಲ್ಲ, ನಾಕ ಮಂದಿ ಏನಂದಾರು?" ಅಂತ ನಮ್ಮತ್ತಿ ಕೇಳಿದ್ರು. ನಾಕ ಮಂದಿ ಮನ್ಯಾಗೂ ಬಾಟ್ಲಿ ಬರ್ತಾವ ಅತ್ತಿ, ಅದಕ್ಕ ಬರೀತೀನಿ ಅಂದೆ. ಕುಡಿಯೂದು ಸರಿಯೋ ತಪ್ಪೋ ಅನ್ನೂ ಜಗಳ ಇವತ್ತು ಬ್ಯಾಡ. ಅದು ಗಂಡಸರ ವಿಚಾರ, ನಮಗ್ಯಾಕ ಅಂತ ಕಣ್ಣು ಮುಚ್ಚಿ ಕೂಡ್ತೀವಲ್ಲ, ನನ್ನ ಜಗಳ ಅದರ ಮ್ಯಾಲ.

ಹೋದ ವರ್ಷ ನಮ್ಮ ಮೈದುನನ ಹೊಸ ಮನಿ ಪ್ರವೇಶ ಆತು. ಮರುದಿನ ಅವನ ಗೆಳ್ಯಾರಿಗೆ ಊಟ. ಅದಕ್ಕಂತ ನಾಕು ಸ್ಕಾಚ್ ಬಾಟ್ಲಿ ಬಂದ್ವು. ಅಂಗಡ್ಯಾಗ ಒಂದಕ್ಕ ₹3,200 ಇದ್ದದ್ದು ಇವನಿಗೆ ₹1,600ಕ್ಕ ಸಿಕ್ಕಿತ್ತು. "ದುಬೈ ಡ್ಯೂಟಿ ಫ್ರೀ ಮಾಲು ವೈನಿ, ಪರಿಚಯದಾಂವ ಕೊಟ್ಟ" ಅಂತ ಎದಿ ಉಬ್ಬಿಸಿ ಹೇಳಿದ. ನಾ ಅವನ್ನ ಅಡಗಿಮನಿ ಕಟ್ಟಿ ಮ್ಯಾಲ ಸಾಲಾಗಿ ಇಟ್ಟೆ. ಇಟ್ಟ ಮ್ಯಾಲ ಕಣ್ಣಿಗೆ ಬಿತ್ತು: ನಾಕರಾಗ ಎರಡರ ಮಟ್ಟ ಒಂದು ಬೆರಳು ಕೆಳಗ ಐತಿ. ಉಪ್ಪಿನಕಾಯಿ ಭರಣಿ ತುಂಬಿದವರಿಗೆ ಇದು ಹೇಳಿಕೊಡಬೇಕಿಲ್ಲ. ಕಾರಖಾನಿ ಮಶೀನ ತುಂಬಿದ್ರ ಎಲ್ಲಾ ಒಂದ ಗೆರಿಗೆ ನಿಲ್ತಾವ. ಕೈಲೆ ತುಂಬಿದ್ರ ಮ್ಯಾಲ ಕೆಳಗ ಆಗ್ತಾವ.

ಮೈದುನ ಲೇಬಲ್ ತೋರಿಸಿದ. "ನೋಡ್ರಿ, ಅಕ್ಷರ ಎಷ್ಟು ಸ್ವಚ್ಛ ಅದಾವ, ಖೊಟ್ಟಿ ಹೆಂಗಾಗ್ತದ?" ಎಲ್ಲಾರೂ ಮೋಸ ಹೋಗೂದು ಇಲ್ಲೇ. ಖೊಟ್ಟಿ ಮಾಲಿನಾಗ ಎರಡು ಜಾತಿ. ಒಂದರಾಗ ಬಾಟ್ಲಿ, ಲೇಬಲ್, ಬೂಚು ಎಲ್ಲಾ ನಕಲಿ. ಅಲ್ಲಿ ವಾರಿ ಅಂಟಿಸಿದ ಲೇಬಲ್, ತಪ್ಪು ಸ್ಪೆಲಿಂಗು, ಉಗುರಿನಿಂದ ತಿಕ್ಕಿದ್ರ ಅಳಿಯೂ ಬ್ಯಾಚ್ ನಂಬರು ಸಿಗಬಹುದು. ಇನ್ನೊಂದು ಜಾತಿ ಮರುಭರ್ತಿ. ಅದರಾಗ ಬಾಟ್ಲಿನೂ ಅಸಲಿ, ಲೇಬಲ್ಲೂ ಅಸಲಿ, ಒಳಗಿನದಷ್ಟ ಬ್ಯಾರೆ. ಅಸಲಿ ಲೇಬಲ್ ಎಷ್ಟು ಹೊತ್ತು ನೋಡಿದ್ರೂ ಅಸಲಿನೇ ಕಾಣ್ತದ. ಅದಕ್ಕ ಮರುಭರ್ತಿ ಹಿಡೀಬೇಕಂದ್ರ ಬಾಯಿ ನೋಡಬೇಕು, ಯಾಕಂದ್ರ ಒಳಗ ಏನರೆ ಹಾಕಬೇಕಂದ್ರ ಅವರು ಬಾಯಿ ಬಿಚ್ಚಾಕಬೇಕು.

ಹೊಸ ಬೂಚು ತಿರುವಿದ್ರ ಕೆಳಗಿನ ಉಂಗುರ ಕುತ್ತಿಗ್ಯಾಗ ನಿಲ್ತದ, ಮ್ಯಾಲಿನ ಭಾಗ ಅಷ್ಟ ತಿರಗ್ತದ. ನಡುವಿನ ಸಣ್ಣ ಸಣ್ಣ ಕೊಂಡಿ ಟಕಟಕ ಅಂತ ಹರೀತಾವ. ಮೈದುನ ಮಟ್ಟ ಇಳಿದ ಬಾಟ್ಲಿ ಒಂದನ್ನ ತಿರುವಿದ. ಸಪ್ಪಳ ಇಲ್ಲ. ಬೂಚು, ಉಂಗುರ ಎರಡೂ ಕೂಡೇ ತಿರಗಿದ್ವು. ಕೊಂಡಿ ಮೊದಲ ಹರದು ಅಂಟು ಹಚ್ಚಿದ್ರು, ಉಂಗುರದ ಕೆಳಗ ಅದು ಬೆಳ್ಳಗ ಒಣಗಿತ್ತು. ಇಂಥಾ ಬಾಟ್ಲಿಗೆ ಬಾಯಾಗ ಗೋಲಿ ಇರೂ ಪ್ಲಾಸ್ಟಿಕ್ ತಡಿ ಇರ್ತದ. ಅದು ಹೊರಗ ಬಿಡ್ತದ, ಒಳಗ ಬಿಡೂದಿಲ್ಲ. ಮರುಭರ್ತಿ ಮಾಡಬಾರದಂತನ ಅದನ್ನ ಇಟ್ಟಿರ್ತಾರ. ನಮ್ಮ ಬಾಟ್ಲ್ಯಾಗ ಆ ತಡಿಯ ಅಂಚು ಮೀಟಿ ತಗದಂಗ ಹರದಿತ್ತು, ಬೆರಳು ಇಟ್ರ ಅಲಗಾಡ್ತಿತ್ತು.

ಇನ್ನ ಅಬಕಾರಿ ಚೀಟಿ. ನಮ್ಮ ರಾಜ್ಯದ ಅಂಗಡ್ಯಾಗ ಮಾರೂ ಬಾಟ್ಲಿಗೆ ಬೂಚಿನಿಂದ ಕುತ್ತಿಗಿಗೆ ಇಳಿಯೂ ಹಾಂಗ ಅಬಕಾರಿ ಚೀಟಿ ಇರ್ತದ. ಬೂಚು ತಗದ್ರ ಅದು ಹರೀಬೇಕು. ಹರಿದು ಕೂಡಿಸಿದ ಗೆರಿ, ಸುಕ್ಕು, ಎರಡನೇ ಸಲ ಹಚ್ಚಿದ ಅಂಟು ಕಂಡ್ರ ಮುಟ್ಟಬ್ಯಾಡ್ರಿ. ನಮ್ಮವಕ್ಕ ಚೀಟಿನೇ ಇರಲಿಲ್ಲ. ಕೇಳಿದ್ರ "ಡ್ಯೂಟಿ ಫ್ರೀ ಅಲ್ಲೇನ್ರಿ, ಎಲ್ಲಿಂದ ಬರಬೇಕು?" ಅಂದ. ಈ ಕತಿಯ ಜಾಣತನ ನೋಡ್ರಿ. ರೇಟ್ ಯಾಕ ಅಗ್ಗ ಅನ್ನೂದಕ್ಕೂ ಅದ ಉತ್ತರ, ಚೀಟಿ ಯಾಕಿಲ್ಲ ಅನ್ನೂದಕ್ಕೂ ಅದ ಉತ್ತರ. ಮಿಲಿಟರಿ ಕ್ಯಾಂಟೀನ್ ಮಾಲು, ಗೋವಾ ಮಾಲು ಅನ್ನೂ ಕತಿಗಳೂ ಹಿಂಗ. ಸೆರೆ ರೇಟಿನಾಗ ದೊಡ್ಡ ಪಾಲು ಸರ್ಕಾರದ ತೆರಗಿ. ಲೈಸನ್ಸ್ ಇದ್ದ ಅಂಗಡಿಯಾಂವ ಅರ್ಧ ರೇಟಿಗೆ ಮಾರಿದ್ರ ಅವನ ಮನಿ ಮುಳಗ್ತದ. ಹಂಗಾಗಿ ಅರ್ಧ ರೇಟ್ ಅಂದ್ರ ಒಂದು, ತೆರಗಿ ತಪ್ಪಿಸಿದ ಮಾಲು. ಇಲ್ಲಾ, ಖೊಟ್ಟಿ ಮಾಲು. ವಿಮಾನದಾಗ ಬರಾವರು ಸುಂಕ ಇಲ್ದ ತರಬಹುದಾದದ್ದು ಒಬ್ಬರಿಗೆ 2 ಲೀಟರ್. ಪೆಟ್ಟಿಗಿಗಟ್ಟಲೆ ಮಾರಾಂವ ಎಷ್ಟು ಸಲ ದುಬೈಗೆ ಹೋಗಿ ಬಂದ?

ಕೊನಿಗೆ ಹಿಂದಿನ ಲೇಬಲ್ಲೇ ಕಳ್ಳನ್ನ ಹಿಡಕೊಡ್ತು. ಅದರ ಮ್ಯಾಲ ನಮ್ಮ ದೇಶದ ಆಮದುದಾರರ ವಿಳಾಸ, ಎಂ.ಆರ್.ಪಿ., ಎಫ್.ಎಸ್.ಎಸ್.ಎ.ಐ. ನಂಬರು ಎಲ್ಲಾ ಇತ್ತು. ದುಬೈ ವಿಮಾನ ನಿಲ್ದಾಣದಾಗ ಮಾರೂ ಬಾಟ್ಲಿಗೆ ನಮ್ಮೂರ ಅಂಗಡಿ ಚೀಟಿ ಯಾಕವ್ವಾ? ಇವು ಇಲ್ಲೇ ಮಾರಿ, ಇಲ್ಲೇ ಖಾಲಿ ಆಗಿ, ಇಲ್ಲೇ ಮತ್ತ ತುಂಬಿದ ಬಾಟ್ಲಿ.

ನಮ್ಮ ಮಾವನವರು ಮೂಸಿ ನೋಡಿ "ವಾಸನಿ ಬರೋಬರಿ ಐತಿ, ಒಂದು ಚಮಚಾ ಸುಟ್ಟು ನೋಡೂಣು" ಅಂದ್ರು. ಈ ನಂಬಿಕಿ ಮ್ಯಾಲ ನನಗ ಭಾಳ ಸಿಟ್ಟು. ಹೆಚ್ಚಿನ ಮರುಭರ್ತ್ಯಾಗ ಅಗ್ಗದ ವಿಸ್ಕಿ ಇರಬಹುದು, ಹಣ ಹೋಗ್ತದ, ಜೀವ ಉಳೀತದ. ಆದ್ರ ಒಳಗ ಮೆಥೆನಾಲ್ ಇದ್ರ ಮೂಗು, ನಾಲಿಗಿ, ಬೆಂಕಿ ಯಾವುದೂ ಹೇಳೂದಿಲ್ಲ. ಅದೂ ಸೆರೆಯಂಗ ಉರೀತದ, ಸೆರೆಯಂಗ ಅಮಲು ಏರ್ತದ. 1981ರಾಗ ಬೆಂಗಳೂರಿನ ಕಳ್ಳಭಟ್ಟಿ ದುರಂತದಾಗ 300ಕ್ಕೂ ಹೆಚ್ಚು ಮಂದಿ ಸತ್ರು. ಅವರಿಗೂ ನಾಲಿಗಿ ಇತ್ತು. ಕುಡದ ಮ್ಯಾಲ 12 ತಾಸಿನಿಂದ ಒಂದು ದಿನದ ಒಳಗ ಕಣ್ಣು ಮಂಜಾದ್ರ, ಹೊಟ್ಟಿ ನೂತು ವಾಂತಿ ಆದ್ರ, ಉಸಿರು ಜೋರಾದ್ರ, "ನಶಾ ಇಳದಿಲ್ಲ" ಅಂತ ಮಜ್ಜಿಗಿ ಕುಡಿಸಿ ಮಲಗಿಸಬ್ಯಾಡ್ರಿ. ಬಾಟ್ಲಿ ಸಮೇತ ದವಾಖಾನಿಗೆ ಒಯ್ಯರಿ. ಮೆಥೆನಾಲಿಗೆ ಔಷಧ ಐತಿ, ಡಯಾಲಿಸಿಸ್ ಐತಿ, ಆದ್ರ ತಡಾ ಮಾಡಿದ್ರ ಕಣ್ಣು ತಿರಗಿ ಬರೂದಿಲ್ಲ. ಅಲ್ಲಿ ರಾತ್ರಿ ಕೂಡಾವರು ಯಾರು? ನಾವ. ಮತ್ತ ಇದು ಗಂಡಸರ ವಿಚಾರ ಹೆಂಗಾತು?

ಮೈದುನ ಮುಖ ಸಣ್ಣ ಮಾಡಿಕೊಂಡು ನಾಕೂ ಬಾಟ್ಲಿ ಮೋರಿಗೆ ಸುರವಿದ. ನಾ ಗೆದ್ದೆ ಅಂದ್ಕೊಂಡೆ. ಆಮ್ಯಾಲ ಖಾಲಿ ಬಾಟ್ಲಿ ಕೈಯಾಗ ಹಿಡದಾಗ ಗುಜರಿಯಾಂವ ನೆನಪಾದ. ಬರೀ ಬಾಟ್ಲಿಗೆ ₹5 ಕೊಡಾಂವ, ಬೂಚು, ಪೆಟ್ಟಿಗಿ ಸಮೇತ ಇದ್ರ ₹40 ಕೊಡ್ತಿದ್ದ. ನಾನೂ ಖುಷಿಯಿಂದ ಒರಸಿ, ಪೆಟ್ಟಿಗ್ಯಾಗ ಹಾಕಿ ಕೊಟ್ಟೀನಿ. ಗಾಜು ಕರಗಸಾಂವಗ ಪೆಟ್ಟಿಗಿ ಯಾಕ ಬೇಕು ಅಂತ ಒಂದ ದಿನ ಕೇಳಲಿಲ್ಲ. ಮರುಭರ್ತಿ ಮಾಡಾವರಿಗೆ ಸೆರೆ ಎಲ್ಲೆರೆ ಸಿಗ್ತದ. ಅಸಲಿ ಬಾಟ್ಲಿ ಸಿಗೂದು ನಮ್ಮ ಹಿತ್ತಲದಾಗ.

ಹಂಗಾಗಿ ಈಗ ನಾ ಬಾಟ್ಲಿ ಒಂದು ರಾತ್ರಿ ನೀರಾಗ ನೆನಿ ಹಾಕಿ ಲೇಬಲ್ ಕೆರದು ತಗೀತೀನಿ. ಬೂಚನ್ನ ಕತ್ತರಿಯಿಂದ ಕತ್ತರಿಸಿ ಬ್ಯಾರೆ ಕಸಕ್ಕ ಹಾಕ್ತೀನಿ. ಪೆಟ್ಟಿಗಿ ಹರದು ರದ್ದಿಗೆ. ಬಾಟ್ಲಿ ಮಾತ್ರ ಒಡಿಯೂದಿಲ್ಲ, ಕಸ ಆರಿಸೂ ಅಕ್ಕನ ಕೈ ಕೊಯ್ತದ. ಹಿಂಗ ಮಾಡಿದ್ರ ಗುಜರಿಯಾಂವ ₹5 ಅಷ್ಟ ಕೊಡ್ತಾನ, ಮಾರಿ ಗಂಟು ಹಾಕ್ತಾನ. ಹಾಕಲಿ. ಆ ಉಳದ ₹35 ಯಾತರ ರೊಕ್ಕ ಅಂತ ಈಗ ನನಗ ಗೊತ್ತೈತಿ. ಈಗ ನಿಮಗೂ ಗೊತ್ತಾತು. ಇನ್ನ ಮ್ಯಾಲ ಪೆಟ್ಟಿಗಿ ಸಮೇತ ಕೊಟ್ರ, ಗೊತ್ತಿಲ್ದ ಕೊಟ್ಟೆ ಅನ್ನಬ್ಯಾಡ್ರಿ ಮತ್ತ.